ಶೇ. 20 ಬಾಟಲ್‌ನೆಕ್: ಯಾವುದರಲ್ಲಿ ಇಪ್ಪತ್ತು?

ಗೇಮ್ ಆಡಲೆಂದು ಹೊಸ ಕಂಪ್ಯೂಟರ್ ಜೋಡಿಸಲು ಹೊರಟವರು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವ ಮೊದಲೇ ಆನ್‌ಲೈನ್ ‘ಬಾಟಲ್‌ನೆಕ್ ಕ್ಯಾಲ್ಕ್ಯುಲೇಟರ್’ ಒಂದರಲ್ಲಿ ತಮ್ಮ ಪಟ್ಟಿಯನ್ನು ತೂಗಿ ನೋಡುವುದುಂಟು. ಒಂದು ಕಡೆ ಪ್ರೊಸೆಸರಿನ ಹೆಸರು, ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡಿನ ಹೆಸರು ಆರಿಸಿ ಗುಂಡಿ ಒತ್ತಿದರೆ ಉತ್ತರ ಸಿದ್ಧ: ಈ ಜೋಡಿಯಲ್ಲಿ ಶೇ. 20 ಬಾಟಲ್‌ನೆಕ್ ಇದೆ, ನಿಮ್ಮ ಪ್ರೊಸೆಸರ್ ಸಾಲದು. ಆ ಸಂಖ್ಯೆಗೆ ಹೆದರಿ ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ದೊಡ್ಡ ಪ್ರೊಸೆಸರ್ ತಂದರೂ ಆಟದಲ್ಲಿ ಒಂದು ಫ್ರೇಮೂ ಹೆಚ್ಚದೆ ಹೋಗಬಹುದು. ಎರಡು ಬಿಡಿಭಾಗಗಳ ಹೆಸರಷ್ಟನ್ನೇ ಕೇಳಿ ಉತ್ತರ ಹೇಳಬಹುದಾದ ಪ್ರಶ್ನೆ ಇದಲ್ಲ. ಏಕೆಂದು ತಿಳಿಯಲು ಪರದೆಯ ಮೇಲೆ ಒಂದು ಚಿತ್ರ ಹೇಗೆ ಮೂಡುತ್ತದೆ ಎಂಬುದನ್ನು ನೋಡಬೇಕು.

ಆಟ ನಡೆಯುವಾಗ ಪರದೆಯ ಮೇಲೆ ಒಂದರ ಹಿಂದೊಂದು ಸ್ಥಿರಚಿತ್ರಗಳು ಬರುತ್ತಿರುತ್ತವೆ. ಒಂದೊಂದೂ ಒಂದು ಫ್ರೇಮ್. ಪ್ರತಿ ಫ್ರೇಮಿಗೂ ಎರಡು ಹಂತದ ಕೆಲಸವಿದೆ. ನೀವು ಒತ್ತಿದ ಕೀ ಯಾವುದು, ಶತ್ರು ಈಗ ಎಲ್ಲಿದ್ದಾನೆ, ಹಾರಿದ ಗುಂಡು ಎಲ್ಲಿ ತಗಲಿತು, ಈ ದೃಶ್ಯದಲ್ಲಿ ಏನೇನು ಬಿಡಿಸಬೇಕು ಎಂಬ ಲೆಕ್ಕವೆಲ್ಲ ಪ್ರೊಸೆಸರಿನದು. ಅದು ಕೊಟ್ಟ ಪಟ್ಟಿಯಂತೆ ಒಂದೊಂದು ಪಿಕ್ಸೆಲಿಗೂ ಬಣ್ಣ, ಬೆಳಕು, ನೆರಳು ತುಂಬುವುದು ಗ್ರಾಫಿಕ್ಸ್ ಕಾರ್ಡಿನ ಪಾಲು. ಮನೆಯಲ್ಲಿ ಇಬ್ಬರು ಸೇರಿ ಜೋಳದ ರೊಟ್ಟಿ ಮಾಡುವ ಹಾಗೆ ಇದು: ಒಬ್ಬರು ಬಡಿಯುತ್ತಾರೆ, ಇನ್ನೊಬ್ಬರು ಬೇಯಿಸುತ್ತಾರೆ. ಒಂದು ರೊಟ್ಟಿ ಹಂಚಿನ ಮೇಲಿರುವಾಗಲೇ ಮುಂದಿನದನ್ನು ಬಡಿಯುವುದು ನಡೆದಿರುತ್ತದೆ. ಹಾಗಾಗಿ ಬುಟ್ಟಿಗೆ ರೊಟ್ಟಿ ಬೀಳುವ ವೇಗವನ್ನು ಇಬ್ಬರಲ್ಲಿ ನಿಧಾನವಾಗಿರುವವರೇ ನಿರ್ಧರಿಸುತ್ತಾರೆ. ಮತ್ತೊಬ್ಬರು ಎಷ್ಟೇ ಚುರುಕಾದರೂ ಕಾಯುವುದಷ್ಟೇ ಅವರ ಪಾಲಿಗೆ.

ಇದನ್ನೇ ಸಂಖ್ಯೆಯಲ್ಲಿ ನೋಡೋಣ. ಒಂದು ಸೆಕೆಂಡಿಗೆ 1000 ಮಿಲಿಸೆಕೆಂಡು. ಒಂದು ಫ್ರೇಮಿಗೆ 10 ಮಿಲಿಸೆಕೆಂಡು ಹಿಡಿದರೆ ಸೆಕೆಂಡಿಗೆ 100 ಫ್ರೇಮ್, 20 ಹಿಡಿದರೆ 50. ನಿಮ್ಮ ಬಳಿ ರೈಜನ್ 5 5600 ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 4070 ಕಾರ್ಡ್ ಇದೆ ಎಂದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಗಳನ್ನು ಹಿಡಿಯೋಣ: ಯಾವುದೋ ಒಂದು ಆಟದಲ್ಲಿ ಪ್ರತಿ ಫ್ರೇಮಿಗೆ ಪ್ರೊಸೆಸರಿಗೆ 8 ಮಿಲಿಸೆಕೆಂಡು ಬೇಕು. ಅದೇ ಫ್ರೇಮಿಗೆ ಕಾರ್ಡು 1080ಪಿ ಪರದೆಯಲ್ಲಿ 6, 1440ಪಿ ಪರದೆಯಲ್ಲಿ 10, 4ಕೆ ಪರದೆಯಲ್ಲಿ 20 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ಕಾರ್ಡಿನ ಸಮಯ ಹೀಗೆ ಏರಲು ಕಾರಣ ಪಿಕ್ಸೆಲುಗಳ ಸಂಖ್ಯೆ: 1080ಪಿಯಲ್ಲಿ ಸುಮಾರು 20.7 ಲಕ್ಷ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ ಸುಮಾರು 83 ಲಕ್ಷ. ಪ್ರೊಸೆಸರಿನ ಕೆಲಸ ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪರದೆ ದೊಡ್ಡದಾಯಿತೆಂದು ಶತ್ರುಗಳ ಸಂಖ್ಯೆ ಹೆಚ್ಚುವುದಿಲ್ಲವಲ್ಲ.

ಈಗ ಫಲಿತಾಂಶ ನೋಡಿ. 1080ಪಿಯಲ್ಲಿ ನಿಧಾನ ಪ್ರೊಸೆಸರಿನದು. ಸೆಕೆಂಡಿಗೆ 125 ಫ್ರೇಮ್ ಸಿಗುತ್ತದೆ, ಕಾರ್ಡು ಕಾಲುಭಾಗ ಸಮಯ ಸುಮ್ಮನೆ ಕೂರುತ್ತದೆ. 1440ಪಿಗೆ ಹೋದರೆ ನಿಧಾನ ಕಾರ್ಡಿನದು, 100 ಫ್ರೇಮ್. 4ಕೆಯಲ್ಲಿ ಸಿಗುವುದು 50. ಇನ್ನು 1080ಪಿಯ 75 ಹರ್ಟ್ಸ್ ಮಾನಿಟರ್ ಇಟ್ಟುಕೊಂಡು ಫ್ರೇಮುಗಳನ್ನು 75ಕ್ಕೇ ಕಟ್ಟಿಹಾಕಿದರೆ, ಪ್ರತಿ ಫ್ರೇಮಿಗೆ 13.3 ಮಿಲಿಸೆಕೆಂಡು ಬಿಡುವಿರುತ್ತದೆ. ಆಗ ಪ್ರೊಸೆಸರೂ ಕಾರ್ಡೂ ಎರಡೂ ಕಾಯುತ್ತವೆ. ಅದೇ ಜೋಡಿ, ಅದೇ ಆಟ, ಆದರೂ ಉತ್ತರ ಮೂರು ಬಗೆ. ಇವುಗಳಲ್ಲಿ ಯಾವುದನ್ನು ಕ್ಯಾಲ್ಕ್ಯುಲೇಟರ್ ‘ಶೇ. 20’ ಎನ್ನುತ್ತಿದೆ? 1440ಪಿಯಲ್ಲಿ ಆಡುವವರು ಆ ಸಂಖ್ಯೆ ನಂಬಿ ಇಮ್ಮಡಿ ವೇಗದ ಪ್ರೊಸೆಸರ್ ತಂದರೆ 8 ಮಿಲಿಸೆಕೆಂಡು 4 ಆಗುತ್ತದೆ, ಕಾರ್ಡಿನ 10 ಹಾಗೇ ಉಳಿಯುತ್ತದೆ. ಫ್ರೇಮು ಮೊದಲೂ 100, ಈಗಲೂ 100.

ಕೆಲವು ತಾಣಗಳು ರೆಸಲ್ಯೂಷನ್ ಏನೆಂದು ಕೇಳುತ್ತವೆ, ನಿಜ. ಆದರೆ ಯಾವ ಆಟ, ಯಾವ ಸೆಟ್ಟಿಂಗ್, ಸೆಕೆಂಡಿಗೆ ಎಷ್ಟು ಫ್ರೇಮ್ ಬೇಕು ಎಂಬುದು ಬಿಟ್ಟುಹೋಗುತ್ತದೆ. ಕೌಂಟರ್-ಸ್ಟ್ರೈಕ್ 2ರಂಥ ಆಟವನ್ನು ಗ್ರಾಫಿಕ್ಸ್ ಇಳಿಸಿ ನೂರಾರು ಫ್ರೇಮಿನಲ್ಲಿ ಆಡುವವರಿಗೆ ಪ್ರೊಸೆಸರೇ ಮಿತಿ. ಸೈಬರ್‌ಪಂಕ್ 2077ರಲ್ಲಿ ಪಾತ್ ಟ್ರೇಸಿಂಗ್ ಹಾಕಿ ಬೆಳಕಿನ ಸೊಗಸು ನೋಡುವವರಿಗೆ ಅದೇ ಯಂತ್ರದಲ್ಲಿ ಕಾರ್ಡೇ ಮಿತಿ. ಇವೆರಡಕ್ಕೂ ಸಲ್ಲುವ ಒಂದೇ ಶೇಕಡಾವಾರು ಇರಲು ಸಾಧ್ಯವಿಲ್ಲ.

ಪ್ರೊಸೆಸರಿನ ಶಕ್ತಿಯನ್ನು ಒಂದೇ ಅಂಕಕ್ಕೆ ಇಳಿಸುವುದರಲ್ಲೂ ತೊಡಕಿದೆ. ಎಎಂಡಿಯ ರೈಜನ್ 7 5800ಎಕ್ಸ್ 2020ರಲ್ಲಿ ಬಂತು, 5800ಎಕ್ಸ್3ಡಿ 2022ರಲ್ಲಿ. ಎರಡರಲ್ಲೂ ಎಂಟು ಕೋರ್. ಹೊಸದರ ಗರಿಷ್ಠ ವೇಗ 4.5 ಗಿಗಾಹರ್ಟ್ಸ್, ಹಳೆಯದರದು 4.7. ವೀಡಿಯೊ ರೆಂಡರಿಂಗ್‌ನಂಥ ಸಾಮಾನ್ಯ ಪರೀಕ್ಷೆಗಳಲ್ಲಿ ಹೊಸದೇ ತುಸು ಹಿಂದೆ. ಆದರೂ ಬಹಳಷ್ಟು ಆಟಗಳಲ್ಲಿ ಅದು ಎದ್ದು ಕಾಣುವಷ್ಟು ಮುಂದಿದೆ. ಪ್ರೊಸೆಸರಿನೊಳಗೇ ಇರುವ ಎಲ್3 ಕ್ಯಾಶೆ ಹಳೆಯದರಲ್ಲಿ 32 ಎಂಬಿ, ಹೊಸದರಲ್ಲಿ 96 ಎಂಬಿ. ಆಟಕ್ಕೆ ಪದೇ ಪದೇ ಬೇಕಾಗುವ ಮಾಹಿತಿ ಅಲ್ಲೇ ಕೈಗೆ ಸಿಗುವುದರಿಂದ ರ‍್ಯಾಮಿನವರೆಗೆ ಹೋಗಿ ಕಾಯುವುದು ತಪ್ಪುತ್ತದೆ. ಸಾಮಾನ್ಯ ಪರೀಕ್ಷೆಯ ಅಂಕ ಹಿಡಿದು ಜೋಡಿ ಕೂಡಿಸುವ ಲೆಕ್ಕಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಹಾಗಾದರೆ ಕೊಳ್ಳುವವರು ನೋಡಬೇಕಾದ್ದು ಏನು? ಎರಡು ಮಿತಿಗಳನ್ನು. ಮೊದಲನೆಯದು ಪ್ರೊಸೆಸರಿನ ಮಿತಿ: ನೀವು ಆಡುವ ಆಟದಲ್ಲಿ ಅದು ಸೆಕೆಂಡಿಗೆ ಹೆಚ್ಚೆಂದರೆ ಎಷ್ಟು ಫ್ರೇಮ್ ಸಿದ್ಧಪಡಿಸಬಲ್ಲದು? ಒಳ್ಳೆಯ ವಿಮರ್ಶಕರು ಪ್ರೊಸೆಸರುಗಳನ್ನು ಪರೀಕ್ಷಿಸುವಾಗ ಮಾರುಕಟ್ಟೆಯ ಅತಿ ಶಕ್ತ ಕಾರ್ಡನ್ನು ಹಾಕಿ, 1080ಪಿ ಅಥವಾ ಅದಕ್ಕಿಂತ ಕಡಿಮೆ ರೆಸಲ್ಯೂಷನ್ನಿನಲ್ಲಿ ಆಡಿಸುತ್ತಾರೆ. ‘ಇಷ್ಟು ದುಬಾರಿ ಕಾರ್ಡಿನಲ್ಲಿ 1080ಪಿ ಯಾರು ಆಡುತ್ತಾರೆ’ ಎಂದು ಹಲವರು ಆಕ್ಷೇಪಿಸುವುದುಂಟು. ಆದರೆ ಕಾರ್ಡು ಅಡ್ಡ ಬರದಂತೆ ಮಾಡಿದಾಗಲೇ ಪ್ರೊಸೆಸರಿನ ನಿಜವಾದ ಮಿತಿ ಹೊರಬೀಳುವುದು. ಎರಡನೆಯದು ಕಾರ್ಡಿನ ಮಿತಿ. ಅದೇ ಆಟವನ್ನು ನಿಮ್ಮ ಮಾನಿಟರಿನ ರೆಸಲ್ಯೂಷನ್ನಿನಲ್ಲಿ, ನಿಮಗೆ ಬೇಕಾದ ಸೆಟ್ಟಿಂಗಿನಲ್ಲಿ, ಶಕ್ತ ಪ್ರೊಸೆಸರಿನೊಂದಿಗೆ ಪರೀಕ್ಷಿಸಿದ ವಿಮರ್ಶೆಯಲ್ಲಿ ಅದು ಸಿಗುತ್ತದೆ. ಈ ಎರಡರಲ್ಲಿ ಚಿಕ್ಕ ಸಂಖ್ಯೆ ಯಾವುದೋ ಸರಿಸುಮಾರು ಅದೇ ನಿಮಗೆ ದಕ್ಕುವ ಫ್ರೇಮುಗಳ ಸಂಖ್ಯೆ. ಮೇಲಿನ ಉದಾಹರಣೆಯಲ್ಲಿ 1440ಪಿಗೆ ಪ್ರೊಸೆಸರಿನ ಮಿತಿ 125, ಕಾರ್ಡಿನದು 100, ಉತ್ತರ 100.

ಇಲ್ಲಿ ಎರಡು ಎಚ್ಚರಿಕೆ ಬೇಕು. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್‌ನಂಥ ಅಪ್‌ಸ್ಕೇಲಿಂಗ್ ಹಾಕಿದರೆ ಕಾರ್ಡು ಒಳಗೆ ಚಿಕ್ಕ ಚಿತ್ರ ಬಿಡಿಸಿ ಆಮೇಲೆ ಹಿಗ್ಗಿಸುತ್ತದೆ. 1440ಪಿಯಲ್ಲಿ ಡಿಎಲ್‌ಎಸ್‌ಎಸ್ ‘ಕ್ವಾಲಿಟಿ’ ಎಂದರೆ ಒಳಗಿನ ಚಿತ್ರ 960ಪಿ ಮಾತ್ರ. ಕಾರ್ಡಿನ ಮಿತಿ 150ರ ಆಸುಪಾಸಿಗೆ ಏರಿದರೂ ನಮ್ಮ ಪ್ರೊಸೆಸರ್ 125ಕ್ಕೇ ನಿಲ್ಲಿಸುತ್ತದೆ. ರೇ ಟ್ರೇಸಿಂಗ್‌ ಕೂಡ ಕಾರ್ಡಿನ ಜೊತೆಗೆ ಪ್ರೊಸೆಸರಿಗೂ ಹೊರೆ ಹೆಚ್ಚಿಸುತ್ತದೆ. ಆದ್ದರಿಂದ ರೇ ಟ್ರೇಸಿಂಗ್ ಬೇಕಿದ್ದರೆ ಪ್ರೊಸೆಸರಿನ ಮಿತಿಯನ್ನೂ ಅದನ್ನು ಹಾಕಿ ಪರೀಕ್ಷಿಸಿದ ವಿಮರ್ಶೆಯಿಂದಲೇ ತೆಗೆದುಕೊಳ್ಳಬೇಕು.

ಈಗಾಗಲೇ ಕಂಪ್ಯೂಟರ್ ಇರುವವರಿಗೆ ಊಹೆಯ ಅಗತ್ಯವೇ ಇಲ್ಲ, ಅಳೆದೇ ನೋಡಬಹುದು. ಎಂಎಸ್‌ಐ ಆಫ್ಟರ್‌ಬರ್ನರ್ ಅಥವಾ ಇಂಟೆಲ್‌ನ ಪ್ರೆಸೆಂಟ್‌ಮಾನ್‌ನಂಥ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಆಟದಲ್ಲಿ `V-Sync` ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆದು, ನಿಧಾನವಾಗುವ ಜಾಗದಲ್ಲೇ ನಿಂತು ಕಾರ್ಡಿನ ಬಳಕೆ ಎಷ್ಟಿದೆ ನೋಡಿ. ಅದು ಶೇ. 97–99ರಲ್ಲಿದ್ದರೆ ಮಿತಿ ಕಾರ್ಡಿನದು. ಶೇ. 70ರಷ್ಟರಲ್ಲೇ ಇದ್ದರೆ ಕಾರ್ಡು ಯಾರಿಗೋ ಕಾಯುತ್ತಿದೆ ಎಂದರ್ಥ, ಸಾಮಾನ್ಯವಾಗಿ ಪ್ರೊಸೆಸರಿಗೆ. ಖಚಿತಪಡಿಸಿಕೊಳ್ಳಲು ರೆಸಲ್ಯೂಷನ್ನನ್ನು 720ಪಿಗೆ ಇಳಿಸಿ. ಫ್ರೇಮುಗಳು ಜಿಗಿದರೆ ಕಾರ್ಡು ತಡೆಯುತ್ತಿತ್ತು. ಅಲ್ಲಾಡದೆ ನಿಂತರೆ ತಡೆ ಪ್ರೊಸೆಸರಿನದು.

ಪ್ರೊಸೆಸರಿನ ಒಟ್ಟು ಬಳಕೆಯ ಅಂಕಿಯನ್ನು ಮಾತ್ರ ನಂಬಬೇಡಿ. ರೈಜನ್ 5 5600ರಲ್ಲಿ ಆರು ಕೋರ್, ಹನ್ನೆರಡು ಥ್ರೆಡ್. ಆಟದ ಮುಖ್ಯ ಕೆಲಸವೆಲ್ಲ ಒಂದೇ ಥ್ರೆಡ್ಡಿನ ಮೇಲೆ ಬಿದ್ದು ಅದು ಪೂರ್ತಿ ದಣಿದಿದ್ದರೂ ಒಟ್ಟು ಲೆಕ್ಕದಲ್ಲಿ ಅದರ ಪಾಲು ಹನ್ನೆರಡರಲ್ಲಿ ಒಂದು, ಅಂದರೆ ಶೇ. 8 ಮಾತ್ರ. ಉಳಿದವು ಅಲ್ಪಸ್ವಲ್ಪ ದುಡಿದರೆ ಟಾಸ್ಕ್ ಮ್ಯಾನೇಜರ್ ಶೇ. 40 ಎಂದು ತೋರಿಸುತ್ತದೆ. ನೋಡಿದವರು ‘ಪ್ರೊಸೆಸರ್ ಆರಾಮಾಗಿದೆ’ ಎಂದು ತಿಳಿದು ಹೊಸ ಕಾರ್ಡು ಕೊಳ್ಳಲು ಹೊರಡುತ್ತಾರೆ.

ಮಿತಿ ಪ್ರೊಸೆಸರಿನದೆಂದು ತಿಳಿದ ಮೇಲೂ ತಕ್ಷಣ ಹಣ ಖರ್ಚು ಮಾಡಬೇಕಾಗಿಲ್ಲ. ರ‍್ಯಾಮ್ ಒಂದೇ ಕಡ್ಡಿಯಿದ್ದರೆ ಅದೇ ಬಗೆಯ ಇನ್ನೊಂದನ್ನು ಹಾಕಿದಾಗ, ಬಯೋಸ್‌ನಲ್ಲಿ ಆರಿಸದೆ ಬಿಟ್ಟಿರುವ `XMP` ಅಥವಾ `EXPO` ಆನ್ ಮಾಡಿದಾಗ ಪ್ರೊಸೆಸರಿನ ಕಾಯುವಿಕೆ ಕಡಿಮೆಯಾಗುತ್ತದೆ. ಆಟದೊಳಗೆ ಜನಸಂದಣಿ, ದೂರದ ವಸ್ತುಗಳು ಎಲ್ಲಿಯವರೆಗೆ ಕಾಣಬೇಕು ಎಂಬಂಥ ಸೆಟ್ಟಿಂಗ್‌ಗಳನ್ನು ಇಳಿಸಿದರೂ ಅದರ ಹೊರೆ ತಗ್ಗುತ್ತದೆ. ಇನ್ನೊಂದು ಲಾಭವೂ ಇದೆ: ಕಾರ್ಡು ಬಿಡುವಾಗಿರುವುದರಿಂದ ಟೆಕ್ಸ್‌ಚರ್ ಗುಣಮಟ್ಟವನ್ನೋ ರೆಸಲ್ಯೂಷನ್ನನ್ನೋ ಏರಿಸಿಕೊಳ್ಳಬಹುದು. 1080ಪಿಯಲ್ಲಿ 6 ಮಿಲಿಸೆಕೆಂಡು ದುಡಿಯುತ್ತಿದ್ದ ನಮ್ಮ ಕಾರ್ಡಿಗೆ 8ರವರೆಗೆ ಕೆಲಸ ಕೊಟ್ಟರೂ ಫ್ರೇಮುಗಳು 125ರಿಂದ ಕದಲುವುದಿಲ್ಲ, ಚಿತ್ರ ಮಾತ್ರ ಚೆಲುವಾಗುತ್ತದೆ. ಕ್ಯಾಲ್ಕ್ಯುಲೇಟರ್ ನಷ್ಟವೆಂದು ತೋರಿಸುವ ಭಾಗ ಹೀಗೆ ಬಳಕೆಗೆ ಬರುತ್ತದೆ.

ಬಾಟಲ್‌ನೆಕ್ ಇಲ್ಲದ ಕಂಪ್ಯೂಟರ್ ಎಂಬುದಿಲ್ಲ. ಎರಡರಲ್ಲಿ ಒಂದು ಯಾವಾಗಲೂ ನಿಧಾನವಿರುತ್ತದೆ, ಎರಡನ್ನೂ ಕಾಯಿಸಿದರೆ ಮಾನಿಟರೇ ಮಿತಿಯಾಗುತ್ತದೆ. ಆದ್ದರಿಂದ ಪಟ್ಟಿ ಬರೆಯುವಾಗ ಮಾನಿಟರಿನಿಂದಲೇ ಶುರುಮಾಡಿ: ಅದರ ರೆಸಲ್ಯೂಷನ್ ಎಷ್ಟು, ಹರ್ಟ್ಸ್ ಎಷ್ಟು. ಆಮೇಲೆ ನಿಜವಾಗಿ ಆಡುವ ಎರಡು ಮೂರು ಆಟಗಳು, ಅವುಗಳಲ್ಲಿ ನಿಮಗೆ ಸಾಕೆನಿಸುವ ಫ್ರೇಮುಗಳು. ಆ ಫ್ರೇಮುಗಳನ್ನು ಆ ಪರದೆಯಲ್ಲಿ ಕೊಡುವ ಕಾರ್ಡು ಆರಿಸಿ. ಪ್ರೊಸೆಸರಿನ ಮಿತಿ ನಿಮ್ಮ ಗುರಿಗಿಂತ ಸ್ವಲ್ಪ ಮೇಲಿದ್ದರೆ ಸಾಕು. ಅಲ್ಲಿಂದಾಚೆಗೆ ಅದಕ್ಕೆ ಸುರಿಯುವ ಹಣ ಆ ಆಟಗಳಲ್ಲಿ ಕಣ್ಣಿಗೆ ಕಾಣುವುದಿಲ್ಲ. ಮಿಕ್ಕಿದ ಹಣದಲ್ಲಿ ಮೇಲ್ದರ್ಜೆಯ ಕಾರ್ಡನ್ನೋ ಒಳ್ಳೆಯ ಮಾನಿಟರನ್ನೋ ಕೊಂಡರೆ ಅದರ ಫಲ ಮೊದಲ ದಿನವೇ ಪರದೆಯ ಮೇಲೆ ಸಿಗುತ್ತದೆ.