ಗೋಡೆಯೊಳಗೆ ಬಿಸಿ ನಡೆಯುವ ಲೆಕ್ಕ

20 ಸೆಂಟಿಮೀಟರ್ ದಪ್ಪದ ಒಂದು ಕಾಂಕ್ರೀಟ್ ಗೋಡೆ ಇದೆ ಎಂದುಕೊಳ್ಳಿ. ಒಳಗೂ ಹೊರಗೂ ಒಂದೇ ಸಮನಾಗಿ 20 ಡಿಗ್ರಿ ಸೆಲ್ಸಿಯಸ್. ಈಗ ಅದರ ಹೊರಮೈಯನ್ನು ಥಟ್ಟನೆ 60 ಡಿಗ್ರಿಗೆ ಏರಿಸಿ ಅಲ್ಲೇ ನಿಲ್ಲಿಸುತ್ತೇವೆ. ಒಳಮೈ 20 ಡಿಗ್ರಿಯಲ್ಲೇ ಇರುವಂತೆ ನೋಡಿಕೊಳ್ಳುತ್ತೇವೆ. ಮೂರು ಗಂಟೆ ಕಳೆದ ಮೇಲೆ, ಹೊರಮೈಯಿಂದ 5 ಸೆಂಟಿಮೀಟರ್ ಆಳದಲ್ಲಿ ಎಷ್ಟು ಬಿಸಿ ಇರುತ್ತದೆ?

ಗೋಡೆಯ ಉದ್ದಗಲ ಅದರ ದಪ್ಪಕ್ಕಿಂತ ಎಷ್ಟೋ ದೊಡ್ಡದು. ಹಾಗಾಗಿ ಶಾಖ ದಪ್ಪದ ಗುಂಟ ಮಾತ್ರ ಸಾಗುತ್ತದೆ ಎಂದು ಹಿಡಿಯಬಹುದು. ಇದು ಒಂದೇ ಆಯಾಮದ ಲೆಕ್ಕ. ಇದಕ್ಕೆ ಬೇಕಾದ ಸಮೀಕರಣವನ್ನು ಫ್ರಾನ್ಸಿನ ಜೋಸೆಫ್ ಫೂರಿಯೆ 1822ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಅದು ಹೇಳುವುದು ಇಷ್ಟು: ಒಂದು ಜಾಗದ ಉಷ್ಣಾಂಶ ಅಕ್ಕಪಕ್ಕದ ಸರಾಸರಿಗಿಂತ ಕಡಿಮೆ ಇದ್ದರೆ ಏರುತ್ತದೆ, ಹೆಚ್ಚಿದ್ದರೆ ಇಳಿಯುತ್ತದೆ, ವ್ಯತ್ಯಾಸ ದೊಡ್ಡದಿದ್ದಷ್ಟೂ ಬದಲಾವಣೆ ಬಿರುಸು. ನಮ್ಮ ಈ ಸರಳ ಗೋಡೆಗೆ ಕಾಗದದ ಮೇಲೆಯೇ ನಿಖರ ಉತ್ತರ ತೆಗೆಯಬಹುದು. ಹೊರಮೈಯ ಬಿಸಿ ಬಿಸಿಲಿನೊಂದಿಗೆ ಬದಲಾಗುತ್ತಿದ್ದರೆ, ಗೋಡೆಯಲ್ಲಿ ಎರಡು ಮೂರು ಬಗೆಯ ಪದರಗಳಿದ್ದರೆ, ಕಂಪ್ಯೂಟರಿನ ಮೊರೆ ಹೋಗಬೇಕು. ಆಗ ಕಾಲವನ್ನು ಹೆಜ್ಜೆ ಹೆಜ್ಜೆಯಾಗಿ ದಾಟುತ್ತೇವೆ. ಒಂದೊಂದು ಹೆಜ್ಜೆಯನ್ನು ಎಷ್ಟು ದೊಡ್ಡದಾಗಿ ಇಡಬಹುದು ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ.

ನೇರ ದಾರಿ ಎಲ್ಲಿ ಮುರಿಯುತ್ತದೆ

ಗೋಡೆಯ ದಪ್ಪದಲ್ಲಿ 5 ಸೆಂಟಿಮೀಟರಿಗೆ ಒಂದರಂತೆ ಬಿಂದುಗಳನ್ನು ಗುರುತಿಸೋಣ. ಎರಡು ಮೈಗಳ ಉಷ್ಣಾಂಶ ಗೊತ್ತೇ ಇದೆ. ನಡುವಿನ ಮೂರು ಬಿಂದುಗಳದ್ದು ಬೇಕು. ಮನಸ್ಸಿಗೆ ಮೊದಲು ಹೊಳೆಯುವ ವಿಧಾನ ಹೀಗಿದೆ:

ಹೊಸದು = ಹಳೆಯದು + r × (ಎಡದ ಹಳೆಯದು + ಬಲದ ಹಳೆಯದು − 2 × ಹಳೆಯದು)

ಬಲಭಾಗದಲ್ಲಿರುವುದೆಲ್ಲ ಈಗಾಗಲೇ ಗೊತ್ತಿರುವ ಸಂಖ್ಯೆಗಳು. ಕೂಡಿ ಕಳೆದರೆ ಹೊಸ ಉಷ್ಣಾಂಶ ಕೈಗೆ ಬರುತ್ತದೆ. ಇದಕ್ಕೆ ಎಕ್ಸ್‌ಪ್ಲಿಸಿಟ್ ವಿಧಾನ ಎನ್ನುತ್ತಾರೆ. ಇಲ್ಲಿನ r ಒಂದು ಹೆಜ್ಜೆಯ ಅವಧಿಗೂ ಬಿಂದುಗಳ ನಡುವಿನ ದೂರಕ್ಕೂ ಇರುವ ಸಂಬಂಧ. ವಸ್ತುವಿನಲ್ಲಿ ಶಾಖ ಹರಡುವ ಚುರುಕನ್ನು ಅಳೆಯುವ ಥರ್ಮಲ್ ಡಿಫ್ಯೂಸಿವಿಟಿಯನ್ನು ಹೆಜ್ಜೆಯ ಸೆಕೆಂಡುಗಳಿಂದ ಗುಣಿಸಿ, ಬಿಂದುಗಳ ನಡುವಿನ ದೂರದ ವರ್ಗದಿಂದ ಭಾಗಿಸಿದರೆ r ಸಿಗುತ್ತದೆ. ಕಾಂಕ್ರೀಟಿಗೆ ಡಿಫ್ಯೂಸಿವಿಟಿ ಸೆಕೆಂಡಿಗೆ 0.7 ಚದರ ಮಿಲಿಮೀಟರ್ ಎಂದು ಇಟ್ಟುಕೊಂಡರೆ, 5 ಸೆಂಟಿಮೀಟರ್ ಅಂತರಕ್ಕೆ ಸುಮಾರು ಒಂದು ಗಂಟೆಯ ಹೆಜ್ಜೆ r = 1 ಆಗುತ್ತದೆ. ಆಗ ಸೂತ್ರ ಇನ್ನೂ ಚಿಕ್ಕದು: ಎಡದ್ದಕ್ಕೆ ಬಲದ್ದನ್ನು ಕೂಡಿಸಿ, ತನ್ನದನ್ನು ಕಳೆದರಾಯಿತು.

ಲೆಕ್ಕ ಮಾಡಿ ನೋಡೋಣ. ಮೂರೂ ಬಿಂದುಗಳು 20ರಿಂದ ಹೊರಡುತ್ತವೆ. ಮೊದಲ ಗಂಟೆಯ ಕೊನೆಗೆ 60, 20, 20. ಎರಡನೆಯ ಗಂಟೆಗೆ 20, 60, 20. ಮೂರನೆಯ ಗಂಟೆಗೆ 100, −20, 60. ಹೊರಮೈಯೇ 60 ಡಿಗ್ರಿ ಇರುವಾಗ ಅದರ ಪಕ್ಕದಲ್ಲಿ ನೀರು ಕುದಿಯುವಷ್ಟು ಬಿಸಿ, ಗೋಡೆಯ ನಡುಮಧ್ಯದಲ್ಲಿ ಹಿಮಕ್ಕಿಂತ ತಣ್ಣಗೆ! ನಾಲ್ಕನೆಯ ಗಂಟೆಗೆ −60, 180, −60. ಮುಂದೆ ಹೋದಷ್ಟೂ ಈ ಏರಿಳಿತ ಬೆಳೆಯುತ್ತಲೇ ಹೋಗುತ್ತದೆ.

ಕೂಡುವ ಕಳೆಯುವ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ದೋಷವಿರುವುದು ಸೂತ್ರದಲ್ಲಿ. ಅದರಲ್ಲಿ ಬಿಂದುವಿನ ಹಳೆಯ ಉಷ್ಣಾಂಶಕ್ಕೆ ಬರುವ ಗುಣಕ 1 − 2r. r ಅರ್ಧವನ್ನು ದಾಟಿದ ಕೂಡಲೇ ಇದು ಋಣವಾಗುತ್ತದೆ. ಅಂದರೆ ಒಂದು ಬಿಂದು ಈಗ ಬಿಸಿಯಾಗಿದ್ದಷ್ಟೂ ಮುಂದಿನ ಹೆಜ್ಜೆಯಲ್ಲಿ ತಣ್ಣಗಾಗಬೇಕು ಎಂದು ಸೂತ್ರ ಹೇಳುತ್ತದೆ. ಶಾಖ ಹಾಗೆ ವರ್ತಿಸುವುದಿಲ್ಲ. ಆದ್ದರಿಂದ r ಅರ್ಧವನ್ನು ಮೀರಬಾರದು. ನಮ್ಮ ಗೋಡೆಗೆ ಹೆಜ್ಜೆ ಅರ್ಧ ಗಂಟೆಯೊಳಗೇ ಇರಬೇಕು.

ಅರ್ಧ ಗಂಟೆ ಅಂಥ ಕಷ್ಟವೇನಲ್ಲ. ಆದರೆ r ಒಳಗೆ ದೂರದ ವರ್ಗ ಕೂತಿದೆ. ಹೊರಮೈಯ ಹತ್ತಿರ ಏನಾಗುತ್ತಿದೆ ಎಂದು ಸೂಕ್ಷ್ಮವಾಗಿ ನೋಡಲು ಬಿಂದುಗಳನ್ನು 1 ಸೆಂಟಿಮೀಟರಿಗೆ ಒಂದರಂತೆ ಇಟ್ಟರೆ ಮಿತಿ 71 ಸೆಕೆಂಡಿಗೆ ಇಳಿಯುತ್ತದೆ. 1 ಮಿಲಿಮೀಟರಿಗೆ ಇಳಿಸಿದರೆ 0.71 ಸೆಕೆಂಡ್. ಒಂದು ದಿನದ ಲೆಕ್ಕಕ್ಕೆ ಸುಮಾರು 1,21,000 ಹೆಜ್ಜೆ ಬೇಕು. ಬಿಸಿಲು ಏರಿಳಿಯುವುದು ಗಂಟೆಗಳ ಲೆಕ್ಕದಲ್ಲಿ; ಕಂಪ್ಯೂಟರ್ ಮಾತ್ರ ಸೆಕೆಂಡಿಗೂ ಕಡಿಮೆ ಅವಧಿಯ ಹೆಜ್ಜೆಗಳಲ್ಲಿ ತೆವಳಬೇಕು.

ನಾಳೆಯ ನೆರೆಯವರನ್ನು ಲೆಕ್ಕಕ್ಕೆ ತಂದಾಗ

ಇಂಪ್ಲಿಸಿಟ್ ವಿಧಾನ ಅದೇ ಸೂತ್ರದಲ್ಲಿ ಒಂದೇ ಒಂದು ಬದಲಾವಣೆ ಮಾಡುತ್ತದೆ. ಆವರಣದೊಳಗೆ ಹಳೆಯ ಉಷ್ಣಾಂಶಗಳ ಜಾಗದಲ್ಲಿ ಹೊಸದನ್ನು ಬರೆಯುತ್ತದೆ. ಶಾಖ ಎಷ್ಟು ಹರಿಯಬೇಕು ಎಂಬುದನ್ನು ಹೆಜ್ಜೆಯ ಆರಂಭದ ಸ್ಥಿತಿಯಿಂದ ತೀರ್ಮಾನಿಸದೆ, ಹೆಜ್ಜೆಯ ಕೊನೆಯ ಸ್ಥಿತಿಯಿಂದ ತೀರ್ಮಾನಿಸುತ್ತದೆ. ಆದರೆ ಹೊಸ ಉಷ್ಣಾಂಶ ಇನ್ನೂ ಗೊತ್ತಿಲ್ಲವಲ್ಲ! ಹೌದು, ಅದಕ್ಕೇ ಒಂದೊಂದು ಬಿಂದುವನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಲಾಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಬಿಡಿಸಬೇಕು.

ನಮ್ಮ ಮೂರು ಬಿಂದುಗಳ ಹೊಸ ಉಷ್ಣಾಂಶಗಳನ್ನು a, b, c ಎನ್ನೋಣ. r = 1 ಇರುವಾಗ ಮೊದಲ ಗಂಟೆಯ ಸಮೀಕರಣಗಳು ಇವು:

```
 3a −  b       = 20 + 60 = 80
 −a + 3b −  c  = 20
      −b + 3c  = 20 + 20 = 40
```

ಮೊದಲ ಸಾಲಿನ 60 ಹೊರಮೈಯಿಂದ ಬಂದದ್ದು, ಕೊನೆಯ ಸಾಲಿನ ಎರಡನೆಯ 20 ಒಳಮೈಯಿಂದ. ಉಳಿದವು ಹಳೆಯ ಉಷ್ಣಾಂಶಗಳು. ಸಮೀಕರಣಗಳ ಆಕಾರವನ್ನು ಗಮನಿಸಿ. ಶಾಖ ಪಕ್ಕದ ಬಿಂದುವಿಗೆ ಮಾತ್ರ ದಾಟುವುದರಿಂದ, ಪ್ರತಿ ಸಾಲಿನಲ್ಲೂ ಆ ಬಿಂದು ಮತ್ತು ಅದರ ಅಕ್ಕಪಕ್ಕದವು ಮಾತ್ರ ಇರುತ್ತವೆ. ಇನ್ನೂರು ಬಿಂದುಗಳಿದ್ದರೂ ಸಾಲಿಗೆ ಮೂರಕ್ಕಿಂತ ಹೆಚ್ಚು ಅಜ್ಞಾತಗಳಿರುವುದಿಲ್ಲ. ಕೋಷ್ಟಕದಲ್ಲಿ ಬರೆದರೆ ಸೊನ್ನೆಯಲ್ಲದ ಸಂಖ್ಯೆಗಳು ಮೂರು ಓರೆ ಗೆರೆಗಳಲ್ಲಿ ನಿಲ್ಲುತ್ತವೆ. ಇದೇ ಟ್ರೈಡಯಾಗನಲ್ ವ್ಯವಸ್ಥೆ.

ಇದನ್ನು ಬಿಡಿಸುವುದು ಸುಲಭ. ಮೊದಲ ಸಾಲಿನಿಂದ a = (80 + b) / 3. ಇದನ್ನು ಎರಡನೆಯ ಸಾಲಿಗೆ ಹಾಕಿದರೆ a ಮಾಯವಾಗಿ b = 17.5 + 0.375c ಉಳಿಯುತ್ತದೆ. ಅದನ್ನು ಮೂರನೆಯದಕ್ಕೆ ಹಾಕಿದರೆ 2.625c = 57.5, ಅಂದರೆ c = 21.9. ಈಗ ಬಂದ ದಾರಿಯಲ್ಲೇ ಹಿಂದಿರುಗಿದರೆ b = 25.7, a = 35.2. ಸರತಿಯಲ್ಲಿ ನಿಂತ ಪ್ರತಿಯೊಬ್ಬರೂ "ನಿನ್ನದು ಗೊತ್ತಾದರೆ ನನ್ನದನ್ನು ಹೇಳುತ್ತೇನೆ" ಎಂದು ಮುಂದಿನವರಿಗೆ ದಾಟಿಸಿ, ಕೊನೆಯವರ ಉತ್ತರ ಸಿಕ್ಕ ಮೇಲೆ ಅದು ಒಬ್ಬೊಬ್ಬರನ್ನೇ ಬಿಡಿಸುತ್ತ ವಾಪಸು ಬಂದಂತೆ.

ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಹೋಗುವ ಈ ಕ್ರಮಕ್ಕೆ ಥಾಮಸ್ ಅಲ್ಗಾರಿದಮ್ ಎಂಬ ಹೆಸರಿದೆ. ಭೌತವಿಜ್ಞಾನಿ ಲೆವೆಲಿನ್ ಥಾಮಸ್ 1949ರ ವರದಿಯೊಂದರಲ್ಲಿ ಇದನ್ನು ಬರೆದಿಟ್ಟರು. ಬಿಂದುವೊಂದಕ್ಕೆ ಎಂಟು ಹತ್ತು ಕೂಡು-ಗುಣಿಸುಗಳು ಸಾಕು. ಇನ್ನೂರು ಬಿಂದುಗಳಿಗೆ ಹೆಜ್ಜೆಗೆ ಎರಡು ಸಾವಿರದೊಳಗೇ ಮುಗಿಯುತ್ತದೆ. ಸೊನ್ನೆಗಳನ್ನು ಲೆಕ್ಕಿಸದೆ ಸಾಮಾನ್ಯ ವಿಧಾನದಲ್ಲಿ ಪೂರ್ತಿ ಕೋಷ್ಟಕವನ್ನೇ ಬಿಡಿಸಲು ಹೊರಟರೆ ಹೆಜ್ಜೆಗೆ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಕ್ರಿಯೆಗಳಾಗುತ್ತವೆ.

ಏಕೆ ಮುರಿಯುವುದಿಲ್ಲ

ಎರಡನೆಯ ಗಂಟೆಗೂ ಹೀಗೇ ಬಿಡಿಸಿದರೆ 42.0, 30.6, 24.2 ಬರುತ್ತದೆ. ಮೂರನೆಯದಕ್ಕೆ 45.3, 34.0, 26.1. ಹುಚ್ಚು ಏರಿಳಿತವಿಲ್ಲ. ಹೆಜ್ಜೆಯನ್ನು ಇನ್ನೂ ದೊಡ್ಡದು ಮಾಡಿದರೂ ಬರುವುದಿಲ್ಲ. ಕಾರಣ ಸಮೀಕರಣವನ್ನು ಹೀಗೆ ಬರೆದರೆ ಕಾಣುತ್ತದೆ:

ಹೊಸದು = (ಹಳೆಯದು + r × ಎಡದ ಹೊಸದು + r × ಬಲದ ಹೊಸದು) / (1 + 2r)

ಇದು ಮೂರು ಉಷ್ಣಾಂಶಗಳ ತೂಕದ ಸರಾಸರಿ. r ಎಷ್ಟೇ ದೊಡ್ಡದಾದರೂ ಯಾವ ಗುಣಕವೂ ಋಣವಾಗುವುದಿಲ್ಲ. ಈಗ ಹೊಸ ಉಷ್ಣಾಂಶಗಳಲ್ಲಿ ಅತಿ ಬಿಸಿಯಾದ ಬಿಂದುವನ್ನು ಹಿಡಿಯಿರಿ. ಅದರ ನೆರೆಯವು ಅದಕ್ಕಿಂತ ಬಿಸಿ ಇರಲಾರವು. ಹಾಗಿದ್ದೂ ಅದು ಸರಾಸರಿಯೇ ಆಗಬೇಕಾದರೆ, ಅದರ ಹಳೆಯ ಉಷ್ಣಾಂಶವೇ ಅಷ್ಟಾದರೂ ಇದ್ದಿರಬೇಕು. ಹೀಗಾಗಿ ಮೈಗಳಲ್ಲಾಗಲಿ ಹಿಂದಿನ ಹೆಜ್ಜೆಯಲ್ಲಾಗಲಿ ಇದ್ದ ಗರಿಷ್ಠವನ್ನು ಯಾವ ಬಿಂದುವೂ ದಾಟಲಾರದು. 60 ಡಿಗ್ರಿಯಿಂದ 100 ಹುಟ್ಟುವ ದಾರಿಯೇ ಮುಚ್ಚಿಹೋಯಿತು. ಥಾಮಸ್ ಕ್ರಮದಲ್ಲಿ ಭಾಗಿಸುವಾಗ ಸೊನ್ನೆ ಎದುರಾಗದಿರುವುದಕ್ಕೂ ಇದೇ ರಚನೆ ಕಾರಣ: ನಡುವಿನ ಗುಣಕ 1 + 2r, ಅಕ್ಕಪಕ್ಕದ ಎರಡನ್ನೂ ಕೂಡಿಸಿದ 2rಗಿಂತ ಯಾವಾಗಲೂ ದೊಡ್ಡದು.

ಮುರಿಯದಿದ್ದ ಮಾತ್ರಕ್ಕೆ ಸರಿಯಲ್ಲ

ಇಲ್ಲೊಂದು ಎಚ್ಚರ ಬೇಕು. ಒಂದು ಗಂಟೆಯ ಕೊನೆಗೆ 5 ಸೆಂಟಿಮೀಟರ್ ಆಳದಲ್ಲಿ ನಿಖರ ಗಣಿತದ ಉತ್ತರ 39.2 ಡಿಗ್ರಿ. ನಮಗೆ ಬಂದದ್ದು 35.2, ನಾಲ್ಕು ಡಿಗ್ರಿ ಕಡಿಮೆ. ಮೂರನೆಯ ಗಂಟೆಗೆ ನಿಜವಾದ ಉತ್ತರ 47.2, ನಮ್ಮದು 45.3. ತಪ್ಪು ಬೆಳೆಯದೆ ತಗ್ಗುತ್ತಿದೆ, ಆದರೆ ಇದೆ. ಎಕ್ಸ್‌ಪ್ಲಿಸಿಟ್ ವಿಧಾನ ಕೆಟ್ಟಾಗ ಎಲ್ಲರಿಗೂ ಕಾಣುವಂತೆ ಕೆಡುತ್ತದೆ. ಇಂಪ್ಲಿಸಿಟ್ ವಿಧಾನದ ತಪ್ಪು ಉತ್ತರ ನಯವಾಗಿ, ನಂಬುವಂತೆ ಇರುತ್ತದೆ. ಅದೇ ಅಪಾಯ.

ಪತ್ತೆಹಚ್ಚುವ ದಾರಿ ಸರಳ: ಹೆಜ್ಜೆಯನ್ನು ಅರ್ಧ ಮಾಡಿ ಮತ್ತೆ ಓಡಿಸಿ. ಅರ್ಧ ಗಂಟೆಯ ಎರಡು ಹೆಜ್ಜೆಯಲ್ಲಿ ಅದೇ ಬಿಂದು 36.9ಕ್ಕೆ ಬರುತ್ತದೆ, ತಪ್ಪು 4ರಿಂದ 2.3ಕ್ಕೆ ಇಳಿಯಿತು. ಈ ವಿಧಾನದಲ್ಲಿ ಹೆಜ್ಜೆ ಅರ್ಧವಾದರೆ ತಪ್ಪೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಎರಡು ಓಟಗಳ ಉತ್ತರಗಳ ನಡುವಿನ ವ್ಯತ್ಯಾಸ ನಮ್ಮ ಕೆಲಸಕ್ಕೆ ನಗಣ್ಯ ಅನ್ನಿಸುವವರೆಗೆ ಹೆಜ್ಜೆಯನ್ನು ಇಳಿಸುತ್ತ ಹೋಗಬೇಕು.

ಇನ್ನೊಂದು ಪರೀಕ್ಷೆ ಪ್ರೋಗ್ರಾಮಿನ ತಪ್ಪುಗಳನ್ನು ಹಿಡಿಯುತ್ತದೆ. ಲೆಕ್ಕವನ್ನು ಬಹಳ ಹೊತ್ತು ಓಡಲು ಬಿಟ್ಟರೆ ಉಷ್ಣಾಂಶ 60ರಿಂದ 20ರವರೆಗೆ ನೇರ ಗೆರೆಯಲ್ಲಿ ನಿಲ್ಲಬೇಕು: 50, 40, 30. ಮೈಗಳ 60 ಮತ್ತು 20ನ್ನು ಬಲಭಾಗಕ್ಕೆ ಕೂಡಿಸಲು ಮರೆಯುವುದು ಸಾಮಾನ್ಯ ತಪ್ಪು. ಹಾಗೆ ಮರೆತರೆ ಗೋಡೆ ಮೆಲ್ಲಗೆ ಸೊನ್ನೆ ಡಿಗ್ರಿಗೆ ಇಳಿಯುತ್ತದೆ.

ಹಳೆಯದನ್ನೂ ಹೊಸದನ್ನೂ ಸಮನಾಗಿ ಬೆರೆಸುವ ವಿಧಾನವನ್ನು ಜಾನ್ ಕ್ರ್ಯಾಂಕ್ ಮತ್ತು ಫಿಲಿಸ್ ನಿಕೋಲ್ಸನ್ 1947ರಲ್ಲಿ ಪ್ರಕಟಿಸಿದರು. ಅದಕ್ಕೂ ಟ್ರೈಡಯಾಗನಲ್ ವ್ಯವಸ್ಥೆಯೇ ಸಾಕು, ಅದೂ ಸಿಡಿಯುವುದಿಲ್ಲ. ಹೆಜ್ಜೆ ಅರ್ಧವಾದರೆ ಅದರ ತಪ್ಪು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಆದರೆ ನಮ್ಮ ಗೋಡೆಯಂತೆ ಥಟ್ಟನೆ ಬಿಸಿಯೇರುವ ಕಡೆ ದೊಡ್ಡ ಹೆಜ್ಜೆ ಇಟ್ಟರೆ ಅಕ್ಕಪಕ್ಕದ ಬಿಂದುಗಳು ಮೇಲೆ ಕೆಳಗೆ ಓಲಾಡುತ್ತವೆ, ಆ ಓಲಾಟ ಬೇಗ ಅಡಗುವುದಿಲ್ಲ. ಅದಕ್ಕೇ ಇಂಥ ಕಡೆ ಮೊದಲ ಕೆಲವು ಹೆಜ್ಜೆಗಳನ್ನು ಪೂರ್ತಿ ಇಂಪ್ಲಿಸಿಟ್ ಆಗಿ ಇಟ್ಟು, ಆಮೇಲೆ ಕ್ರ್ಯಾಂಕ್–ನಿಕೋಲ್ಸನ್‌ಗೆ ಹೊರಳುವುದುಂಟು.

ಈ ಅಗ್ಗದ ಲೆಕ್ಕ ಒಂದು ಆಯಾಮದ ಕೊಡುಗೆ. ಗೋಡೆಯ ಮೂಲೆಯಲ್ಲಿ ಶಾಖ ಎರಡು ದಿಕ್ಕಿಗೆ ಹರಿಯುವಾಗ ಪ್ರತಿ ಬಿಂದುವಿಗೆ ನಾಲ್ಕು ನೆರೆಯವು. ಮೂರು ಗೆರೆಗಳ ಅಂದ ಉಳಿಯುವುದಿಲ್ಲ. ಅಲ್ಲಿಯೂ ಒಮ್ಮೆ ಅಡ್ಡಸಾಲು, ಒಮ್ಮೆ ಕಂಬಸಾಲು ಎಂದು ಸರದಿಯಂತೆ ಬಿಡಿಸಿ ಟ್ರೈಡಯಾಗನಲ್ ಲೆಕ್ಕವನ್ನೇ ಬಳಸುವ ದಾರಿಯನ್ನು ಪೀಸ್‌ಮನ್ ಮತ್ತು ರ‍್ಯಾಕ್‌ಫೋರ್ಡ್ 1955ರಲ್ಲಿ ತೋರಿಸಿದರು.

ಮಿಲಿಮೀಟರಿಗೊಂದು ಬಿಂದುವಿರುವ ನಮ್ಮ ಗೋಡೆಗೆ ಹತ್ತು ನಿಮಿಷದ ಹೆಜ್ಜೆ ಇಟ್ಟರೆ r ಸುಮಾರು 420. ಅರ್ಧದ ಮಿತಿಗಿಂತ ಎಂಟುನೂರಕ್ಕೂ ಹೆಚ್ಚು ಪಟ್ಟು. ಆದರೂ ಲೆಕ್ಕ ನಿಲ್ಲುತ್ತದೆ, 1,21,000 ಹೆಜ್ಜೆಗಳ ದಿನ 144ರಲ್ಲಿ ಮುಗಿಯುತ್ತದೆ. ಆ ಹತ್ತು ನಿಮಿಷವನ್ನು ಬಿಂದುಗಳ ದಟ್ಟಣೆ ನಿರ್ಧರಿಸಿದ್ದಲ್ಲ. ಬಿಸಿಲು ಎಷ್ಟು ಬೇಗ ಬದಲಾಗುತ್ತದೆ, ನಮಗೆ ಎಷ್ಟು ಡಿಗ್ರಿಯ ನಿಖರತೆ ಬೇಕು ಎಂಬುದನ್ನು ನೋಡಿ ನಾವು ಆರಿಸಿಕೊಂಡದ್ದು. ಹಾಗೆ ಆರಿಸಿದ್ದು ಸರಿಯೇ ಎಂದು ಐದು ನಿಮಿಷದ ಹೆಜ್ಜೆಯಲ್ಲಿ ಮತ್ತೊಮ್ಮೆ ಓಡಿಸಿ ನೋಡುವ ಹೊಣೆಯೂ ನಮ್ಮದೇ.