ಒಂದು ಉಗ್ರಾಣ, ಎರಡು ಹಾಜರಿ ಪುಸ್ತಕ

ಕಾರ್ಖಾನೆಯೊಂದರ ಉಗ್ರಾಣವನ್ನು ಮನಸ್ಸಿಗೆ ತಂದುಕೊಳ್ಳಿ. ಅಲ್ಲಿ ಹತ್ತು ಮಂದಿ ದುಡಿಯುತ್ತಾರೆ. ನಾಲ್ವರು ಕಾರ್ಖಾನೆಯ ಖಾಯಂ ನೌಕರರು. ಉಳಿದ ಆರು ಮಂದಿಯನ್ನು ಏಜೆನ್ಸಿಯೊಂದು ಗುತ್ತಿಗೆಯ ಮೇಲೆ ಕಳುಹಿಸಿದೆ. ಬಾಗಿಲು ಒಂದೇ, ಲಾರಿಗಳೂ ಅವೇ. ಹಾಜರಿ ಪುಸ್ತಕ ಮಾತ್ರ ಎರಡು. ಇದರ ಮೇಲ್ವಿಚಾರಣೆ ನಿಮ್ಮ ಪಾಲಿಗೆ ಬಂದಿತೆನ್ನೋಣ. ಎರಡು ಬಣಗಳ ನಡುವೆ ಕಹಿ ಬೆಳೆಯದಂತೆ ನಡೆಸುವುದು ಹೇಗೆ?

ಮೊದಲು ಒಂದು ತಿಂಗಳು ಸುಮ್ಮನೆ ಲೆಕ್ಕವಿಡಿ. ಯಾವ ಲಾರಿಯನ್ನು ಯಾರು ಇಳಿಸಿದರು, ಭಾನುವಾರ ಯಾರು ಬಂದರು, ದಾಸ್ತಾನು ಪುಸ್ತಕ ಯಾರು ಬರೆದರು ಎಂದು ಗುರುತು ಹಾಕಿಕೊಳ್ಳಿ. ಬಂದ 20 ಲಾರಿಗಳಲ್ಲಿ 18ನ್ನು ಏಜೆನ್ಸಿಯವರೇ ಇಳಿಸಿದ್ದಾರೆಂದೂ, ನಾಲ್ಕು ಭಾನುವಾರವೂ ಅವರೇ ಬಂದಿದ್ದಾರೆಂದೂ ಕಂಡುಬಂದರೆ, ಅಸಮಾಧಾನದ ಮೂಲ ನಿಮ್ಮ ಕೈಗೆ ಸಿಕ್ಕಿತು. ‘ಭಾರವೆಲ್ಲ ನಮ್ಮ ಬೆನ್ನಿಗೆ’ ಎನ್ನುವುದು ಒಂದು ಕಡೆಯವರ ದೂರು. ಇನ್ನೊಂದು ಕಡೆಯವರು, ‘ನಮ್ಮ ಹೆಚ್ಚುವರಿ ಕೆಲಸದ ಸಂಬಳ ಹೋಯಿತು, ನಾಳೆ ನಮ್ಮ ಜಾಗವೂ ಹೋದೀತು’ ಎಂದು ಅಂಜುತ್ತಾರೆ. ಎರಡು ಕೊರಗೂ ಒಂದೇ ಪಾಳಿಪಟ್ಟಿಯಿಂದ ಹುಟ್ಟಿದವು.

ಹಾಗಾದರೆ ಸರದಿ ಹಾಕಿಬಿಡೋಣವೆ? ಇಬ್ಬರು ಖಾಯಂ, ಮೂವರು ಏಜೆನ್ಸಿಯವರು ಸೇರಿ ಐದೈದು ಮಂದಿಯ ಎರಡು ತಂಡಗಳಾಗುತ್ತವೆ. ತಲಾ ಹತ್ತು ಲಾರಿ, ಎರಡು ಭಾನುವಾರ. ಲೆಕ್ಕ ಅಚ್ಚುಕಟ್ಟು. ಆದರೆ ಇಲ್ಲಿ ಎಚ್ಚರ ಬೇಕು. ಎಲ್ಲರೂ ಒಂದೇ ಕೆಲಸ ಮಾಡಿದ ಮೇಲೆ ಕೂಲಿ ಮಾತ್ರ ಏಕೆ ಬೇರೆ ಎಂಬ ಪ್ರಶ್ನೆ ಏಳುತ್ತದೆ. ಏಳುವುದು ನ್ಯಾಯವೂ ಹೌದು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಡಿ 1971ರಲ್ಲಿ ಬಂದ ಕೇಂದ್ರ ನಿಯಮಗಳೇ, ಖಾಯಂ ನೌಕರರು ಮಾಡುವಂಥದೇ ಕೆಲಸ ಮಾಡುವ ಗುತ್ತಿಗೆಯವರಿಗೆ ಅದೇ ಕೂಲಿ, ಅದೇ ರಜೆ, ಅದೇ ವೇಳೆ ಎಂದಿದ್ದವು. ಆದ್ದರಿಂದ ಸರದಿಗೆ ಮೊದಲು ಆಡಳಿತದವರಿಂದ ಒಂದು ತೀರ್ಮಾನ ಪಡೆಯಿರಿ. ಕೆಲಸ ಒಂದೇ ಆದರೆ ಕೂಲಿಯೂ ಒಂದೇ ಆಗಲಿ, ಅದಕ್ಕೆ ತಕ್ಕ ದರವನ್ನು ಗುತ್ತಿಗೆಯಲ್ಲೇ ಬರೆಯಲಿ. ಇಲ್ಲವೆ ಕೆಲಸವೇ ಬೇರೆಯಾಗಲಿ: ಇಳಿಸುವುದು ಏಜೆನ್ಸಿಯದು, ತಪಾಸಣೆ ಮತ್ತು ದಾಸ್ತಾನು ಖಾಯಂನವರದು. ಎರಡರ ನಡುವೆ ತೂಗಾಡುವುದೇ ಜಗಳದ ಬೀಜ. ಖಾಯಂನವರ ಕೆಲಸದ ಬಗ್ಗೆ ಸಂಘದೊಡನೆ ಒಪ್ಪಂದವಿದ್ದರೆ, ಅವರೊಡನೆ ಮಾತನಾಡದೆ ಪಟ್ಟಿ ಬದಲಿಸಬೇಡಿ.

ಇನ್ನು ಗುತ್ತಿಗೆಗೆ ಸಂಬಂಧವೇ ಇಲ್ಲದ ಸಂಗತಿಗಳಿವೆ. ಕುಡಿಯುವ ನೀರು, ಶೌಚಾಲಯ, ಊಟದ ಕೋಣೆ, ಪ್ರಥಮ ಚಿಕಿತ್ಸೆ ಇವನ್ನು ಗುತ್ತಿಗೆಯವರಿಗೂ ಒದಗಿಸುವ ಹೊಣೆಯನ್ನು, 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಕೆಲಸ ಕೊಡಿಸುವ ಮೂಲ ಮಾಲೀಕರ ಮೇಲೆಯೇ ಇಟ್ಟಿದೆ. ಮೂಟೆ ಕಾಲಿನ ಮೇಲೆ ಬೀಳುವಾಗ ಯಾರ ಹಾಜರಿ ಪುಸ್ತಕವೆಂದು ನೋಡುವುದಿಲ್ಲವಷ್ಟೆ. ಒಂದೇ ಬಗೆಯ ಬೂಟು, ಒಂದೇ ಬಗೆಯ ಕೈಗವಸು, ಒಂದೇ ಹೊತ್ತಿಗೆ ಚಹಾ. ಹಾಗೆಯೇ ಆಳನ್ನು ‘ಏಯ್ ಏಜೆನ್ಸಿ’ ಎಂದು ಕೂಗದೆ ಹೆಸರು ಹಿಡಿದು ಕರೆಯಿರಿ.

ಸಂಬಳದ ದಿನ ಮತ್ತೊಂದು ಪರೀಕ್ಷೆ. ಖಾಯಂನವರಿಗೆ ತಿಂಗಳ ಕೊನೆಗೇ ಹಣ ಬಂದು, ಏಜೆನ್ಸಿಯವರು ಹದಿನೈದನೆಯ ತಾರೀಖಿನವರೆಗೆ ಕಾದು ಕುಳಿತರೆ, ಕಾರಣ ಬಹುಮಟ್ಟಿಗೆ ಹೀಗಿರುತ್ತದೆ: ನಿಮ್ಮ ಮೇಜಿನ ಮೇಲೆ ಹಾಜರಿಪಟ್ಟಿ ಸಹಿಗೆ ಬಿದ್ದಿದೆ; ಸಹಿಯಾದ ಮೇಲೆ ಬಿಲ್ಲು, ಬಿಲ್ಲು ಪಾಸಾದ ಮೇಲೆ ಸಂಬಳ. ಮಾಸಿಕ ವೇತನ ಮುಂದಿನ ತಿಂಗಳ 7ನೆಯ ದಿನದೊಳಗೆ ಸಲ್ಲಬೇಕೆಂಬುದು ಕಾನೂನು. ಒಂದನೆಯ ತಾರೀಖೇ ಹಾಜರಿಗೆ ಸಹಿ ಹಾಕಿ. ಏಜೆನ್ಸಿ ಮೊದಲು ಸಂಬಳ ಕೊಟ್ಟು, ಬ್ಯಾಂಕಿನ ರುಜುವಾತು ಮತ್ತು ಭವಿಷ್ಯ ನಿಧಿಯ ಚಲನ್ ಲಗತ್ತಿಸಿಯೇ ಬಿಲ್ಲು ಕಳುಹಿಸಬೇಕೆಂಬ ಷರತ್ತು ಗುತ್ತಿಗೆಯಲ್ಲಿರಲಿ. ಏಜೆನ್ಸಿ ಕೊಡದಿದ್ದರೆ ಆ ಬಾಕಿ ಕೊನೆಗೆ ಮೂಲ ಮಾಲೀಕರ ತಲೆಗೇ ಬರುತ್ತದೆ.

ಇಷ್ಟೆಲ್ಲ ಸಮಾನತೆಯ ನಡುವೆ ಒಂದು ಗೆರೆಯನ್ನು ಮಾತ್ರ ದಾಟಬೇಡಿ. ಇಂದು ಯಾವ ಲಾರಿ, ಯಾವ ಅಟ್ಟಣೆ ಎಂದು ಹೇಳುವುದು ನಿಮ್ಮದು. ಏಜೆನ್ಸಿಯವನ ರಜೆ ಮಂಜೂರು ಮಾಡುವುದು, ಅವನಿಗೆ ಶಿಕ್ಷೆ ವಿಧಿಸುವುದು ಏಜೆನ್ಸಿಯ ಪ್ರತಿನಿಧಿಯದು. ಅದನ್ನೂ ನೀವೇ ಮಾಡತೊಡಗಿದರೆ, ಗುತ್ತಿಗೆ ಬರಿಯ ಮುಖವಾಡವೆಂದು ನ್ಯಾಯಾಲಯ ತೀರ್ಮಾನಿಸಲು ಎಡೆಯಾಗುತ್ತದೆ. ಅಂತೆಯೇ, ‘ಚೆನ್ನಾಗಿ ದುಡಿ, ಖಾಯಂ ಮಾಡಿಸುತ್ತೇನೆ’ ಎನ್ನಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. ಸುಳ್ಳಾದ ಭರವಸೆ ಕಡಿಮೆ ಕೂಲಿಗಿಂತ ಹೆಚ್ಚು ನೋಯಿಸುತ್ತದೆ. ಖಾಲಿ ಹುದ್ದೆಯ ಪ್ರಕಟಣೆ ಬಂದಾಗ ಅದನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಅಂಟಿಸಿದರೆ ಸಾಕು.

ನಡೆಸಿದ್ದು ಸರಿಯಾಗಿದೆಯೆ ಎಂದು ತಿಳಿಯುವ ಬಗೆಯೇನು? ಮೂರು ತಿಂಗಳ ಮೇಲೆ ಅದೇ ಲೆಕ್ಕವನ್ನು ಮತ್ತೆ ತೆಗೆಯಿರಿ. ಊಟದ ಹೊತ್ತಿನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ, ಏಜೆನ್ಸಿಯವರು ಎಷ್ಟು ಬೇಗ ಬಿಟ್ಟು ಹೋಗುತ್ತಾರೆ, ಸಾಮಾನು ಒಡೆದಾಗ ಹೆಸರು ಯಾರ ಮೇಲೆ ಬರುತ್ತದೆ ಎಂಬುದನ್ನೂ ಗಮನಿಸಿ. ಪ್ರತಿ ಸಲವೂ ತಪ್ಪು ಒಂದೇ ಪುಸ್ತಕದವರದಾಗುತ್ತಿದ್ದರೆ, ಪಾಳಿಪಟ್ಟಿಯನ್ನು ಇನ್ನೊಮ್ಮೆ ಬಿಡಿಸಿ ನೋಡಿರಿ.