ಹೊರದೇಶದ ಕೆಲಸದ ಸುದ್ದಿಯನ್ನು ತಿದ್ದಿ ಬರೆಯುವ ಬಗೆ

ಹೊರದೇಶದಲ್ಲಿ ಕೆಲಸಕ್ಕೆ ಸೇರಿದವರು ಜಾಲತಾಣದಲ್ಲಿ ಹಾಕುವ ಪೋಸ್ಟು ಮೂರು ಕೆಲಸ ಮಾಡಬೇಕು. ಏನಾಯಿತೆಂದು ತಿಳಿಸಬೇಕು, ಆದ ಖುಷಿ ಓದುವವರಿಗೂ ತಾಗಬೇಕು, ನೆರವಾದವರನ್ನು ನೆನೆಯಬೇಕು. ಮೊದಲ ಸಲ ಬರೆದದ್ದರಲ್ಲಿ ಈ ಮೂರೂ ಇರುತ್ತವೆ, ಆದರೆ ಯಾವುದೂ ನಾಟುವುದಿಲ್ಲ. ಬರೆದವರ ಸಂತೋಷ ಸುಳ್ಳೆಂದು ಇದಕ್ಕೆ ಅರ್ಥವಲ್ಲ. ಸಾರ್ವಜನಿಕವಾಗಿ ನಾಲ್ಕು ಮಾತು ಬರೆಯಬೇಕಾದಾಗ ಕನ್ನಡಿಗರ ಕೈಗೆ ಮೊದಲು ಸಿಗುವುದು ಆಮಂತ್ರಣ ಪತ್ರಿಕೆ ಮತ್ತು ವಂದನಾರ್ಪಣೆಯ ಭಾಷೆ. ನೂರಾರು ಜನ ನೂರಾರು ಸಂದರ್ಭಗಳಲ್ಲಿ ಬಳಸಿದ ಆ ವಾಕ್ಯಗಳಲ್ಲಿ ಒಬ್ಬರ ಖುಷಿಯನ್ನು ಇನ್ನೊಬ್ಬರ ಖುಷಿಯಿಂದ ಬೇರೆ ಮಾಡುವ ಗುರುತು ಉಳಿದಿರುವುದಿಲ್ಲ.

ಉದಾಹರಣೆಗೆ, ಹಾಸನದ ಆಸ್ಪತ್ರೆಯೊಂದರಲ್ಲಿದ್ದು ಜರ್ಮನಿಗೆ ಹೋದ ನರ್ಸ್ ಒಬ್ಬರ ಪೋಸ್ಟು ಮೊದಲಿಗೆ ಹೀಗಿದೆ ಎಂದುಕೊಳ್ಳೋಣ:

“ನಮಸ್ಕಾರ ಸ್ನೇಹಿತರೇ! ನಿಮ್ಮೆಲ್ಲರೊಂದಿಗೆ ಒಂದು ಸಂತಸದ ಸುದ್ದಿಯನ್ನು ಹಂಚಿಕೊಳ್ಳಲು ಅತ್ಯಂತ ಹರ್ಷವಾಗುತ್ತಿದೆ. ಬಹುದಿನಗಳ ಕನಸು ಇಂದು ನನಸಾಗಿದೆ! ಜರ್ಮನಿಯ ಹೆಸರಾಂತ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ನನ್ನ ಬದುಕಿನ ಹೊಸ ಅಧ್ಯಾಯ ಆರಂಭವಾಗಿದೆ. ಈ ಕ್ಷಣದ ಸಂಭ್ರಮವನ್ನು ಪದಗಳಲ್ಲಿ ಹೇಳಲು ಸಾಧ್ಯವಿಲ್ಲ. ಈ ಪಯಣ ಸುಲಭದ್ದಾಗಿರಲಿಲ್ಲ. ಅನೇಕ ಏಳುಬೀಳುಗಳನ್ನು ಕಂಡರೂ ಛಲ ಬಿಡಲಿಲ್ಲ. ಹೆತ್ತ ತಂದೆ ತಾಯಿ, ಬೆನ್ನೆಲುಬಾಗಿ ನಿಂತ ಪತಿ, ವಿದ್ಯೆ ಕಲಿಸಿದ ಗುರುವೃಂದ, ಹಿಂದಿನ ಆಸ್ಪತ್ರೆಯ ಆಡಳಿತ ಮಂಡಳಿ, ಸಹೋದ್ಯೋಗಿಗಳು, ಬಂಧು ಮಿತ್ರರು ಹಾಗೂ ಪ್ರತ್ಯಕ್ಷವಾಗಿ, ಪರೋಕ್ಷವಾಗಿ ಸಹಕರಿಸಿದ ಪ್ರತಿಯೊಬ್ಬರಿಗೂ ನಾನು ಚಿರಋಣಿ. ನಿಮ್ಮ ಆಶೀರ್ವಾದ ಸದಾ ಹೀಗೇ ಇರಲಿ.”

ಇದರಲ್ಲಿ ತಪ್ಪು ವಾಕ್ಯ ಒಂದೂ ಇಲ್ಲ. ಆದರೆ ‘ಜರ್ಮನಿ’ ಎಂಬಲ್ಲಿ ‘ಕೆನಡಾ’ ಎಂದೂ ‘ನರ್ಸ್’ ಎಂಬಲ್ಲಿ ‘ಇಂಜಿನಿಯರ್’ ಎಂದೂ ಬದಲಾಯಿಸಿದರೆ ಇದೇ ಪೋಸ್ಟನ್ನು ಬೇರೆ ಯಾರು ಬೇಕಾದರೂ ಹಾಕಬಹುದು. ತಿದ್ದಲು ಕೂತವರು ಮೊದಲು ಮಾಡಬೇಕಾದ ಪರೀಕ್ಷೆ ಇದೇ. ಒಂದೊಂದೇ ವಾಕ್ಯ ಓದಿ, ಇನ್ನೊಬ್ಬರ ಹೆಸರಿನಲ್ಲಿ ಹಾಕಿದರೂ ಅದು ಸರಿಹೋಗುತ್ತದೆಯೇ ಎಂದು ನೋಡಬೇಕು. ಹೋಗುತ್ತದೆ ಎಂದಾದರೆ ಅದರ ಮೇಲೆ ಗೀಟು ಎಳೆಯಬಹುದು. ಮೇಲಿನ ಪೋಸ್ಟಿನಲ್ಲಿ ಗೀಟು ತಪ್ಪಿಸಿಕೊಳ್ಳುವುದು ಜರ್ಮನಿ, ಆಸ್ಪತ್ರೆ, ನರ್ಸ್ ಎಂಬ ಮೂರು ಪದಗಳು ಮಾತ್ರ. ಹೀಗಾಗಿ ಚುಟುಕಾಗಿಸುವುದು ಇಲ್ಲಿ ಬೇರೆ ಹಂತವೇ ಅಲ್ಲ. ಖಾಲಿ ವಾಕ್ಯಗಳು ಹೋದರೆ ಪೋಸ್ಟು ತಾನಾಗಿ ಗಿಡ್ಡವಾಗುತ್ತದೆ. ತುಂಬಬೇಕಾದದ್ದು ಏನು ಎಂಬುದೇ ಉಳಿಯುವ ಪ್ರಶ್ನೆ.

ಮೊದಲು ತುಂಬಬೇಕಾದದ್ದು ಸುದ್ದಿ. ಯಾವ ಊರು, ಯಾವ ಕೆಲಸ, ಯಾವತ್ತಿನಿಂದ ಎಂಬುದು ಮೊದಲ ವಾಕ್ಯದಲ್ಲೇ ಬಂದುಬಿಡಬೇಕು. ಲಿಂಕ್ಡ್‌ಇನ್‌ನಂಥ ತಾಣಗಳು ಸುಮಾರು 3000 ಅಕ್ಷರದವರೆಗೆ ಬರೆಯಲು ಬಿಡುತ್ತವೆ, ಆದರೆ ತೆರೆಯ ಮೇಲೆ ತೋರಿಸುವುದು ಮೊದಲ ಎರಡು ಮೂರು ಸಾಲುಗಳನ್ನಷ್ಟೇ. ಉಳಿದದ್ದನ್ನು ಓದಬೇಕಾದರೆ ಇನ್ನೊಮ್ಮೆ ಒತ್ತಬೇಕು. ‘ಹಂಚಿಕೊಳ್ಳಲು ಹರ್ಷವಾಗುತ್ತಿದೆ’ ಎಂದು ಶುರುವಾದ ಪೋಸ್ಟಿನಲ್ಲಿ ಆ ಸಾಲುಗಳು ಹರ್ಷಕ್ಕೇ ಖರ್ಚಾಗಿ, ಹರ್ಷ ಏತಕ್ಕೆಂಬುದು ಮಡಿಕೆಯ ಒಳಗೆ ಉಳಿಯುತ್ತದೆ.

ಸುದ್ದಿ ನಿಜವೂ ಆಗಿರಬೇಕು. ‘ಜರ್ಮನಿಯಲ್ಲಿ ನರ್ಸ್ ಆಗಿ’ ಎಂಬ ಮಾತನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಭಾರತದಲ್ಲಿ ಓದಿದ ನರ್ಸುಗಳ ಪದವಿಯನ್ನು ಅಲ್ಲಿನ ಅಧಿಕಾರಿಗಳು ತಮ್ಮ ಪಠ್ಯದೊಂದಿಗೆ ಹೋಲಿಸಿ, ಕೊರತೆಗಳಿದ್ದರೆ ಪಟ್ಟಿ ಮಾಡಿಕೊಡುತ್ತಾರೆ. ಆ ಕೊರತೆಯನ್ನು ತರಬೇತಿಯಿಂದಲೋ ಪರೀಕ್ಷೆಯಿಂದಲೋ ತುಂಬಿಕೊಳ್ಳಬೇಕು. ಪ್ರಮಾಣಪತ್ರ ಕೈಗೆ ಬರುವವರೆಗೆ ಮಾಡುವ ಕೆಲಸ ಸಹಾಯಕರದ್ದು. ಅರ್ಹತೆ ಪಡೆದ ನರ್ಸ್ ಎಂಬ ಪದನಾಮಕ್ಕೆ ಜರ್ಮನಿಯಲ್ಲಿ ಕಾನೂನಿನ ರಕ್ಷಣೆ ಇದೆ. ಪ್ರಮಾಣಪತ್ರ ಇಲ್ಲದವರು ಅದನ್ನು ಬಳಸುವಂತಿಲ್ಲ. ಊರಿನವರಿಗೆ ಈ ವ್ಯತ್ಯಾಸ ತಿಳಿಯದಿರಬಹುದು, ಅದೇ ವಾರ್ಡಿನಲ್ಲಿರುವವರಿಗೆ ತಿಳಿಯುತ್ತದೆ, ಅದೇ ದಾರಿ ಹಿಡಿಯಲು ಹೊರಟಿರುವ ಕಿರಿಯ ನರ್ಸುಗಳಿಗಂತೂ ತಿಳಿಯಲೇಬೇಕು. ‘ಪರೀಕ್ಷೆ ಆಗುವವರೆಗೆ ಸಹಾಯಕಿ’ ಎಂದು ಬರೆದರೆ ಪೋಸ್ಟಿನ ತೂಕ ಇಳಿಯುತ್ತದೆ ಎಂಬ ಅಳುಕು ಸಹಜ. ನಡೆಯುವುದು ಇದರ ಉಲ್ಟಾ: ಇಷ್ಟನ್ನು ಮುಚ್ಚಿಡದೆ ಹೇಳಿದವರು ಆಮೇಲೆ ಹೇಳುವ ಖುಷಿಯನ್ನೂ ಓದುವವರು ನಂಬುತ್ತಾರೆ. ‘ಹೆಸರಾಂತ’ ಎಂಬ ವಿಶೇಷಣವನ್ನು ಧಾರಾಳವಾಗಿ ಕೈಬಿಡಬಹುದು. ನಿಜಕ್ಕೂ ಹೆಸರಾಂತವಾಗಿದ್ದರೆ ಹೆಸರೇ ಸಾಕು.

ಇನ್ನು ಖುಷಿ. ಹರ್ಷ, ಸಂಭ್ರಮ, ರೋಮಾಂಚನ ಎಂಬ ಪದಗಳು ಭಾವನೆಗೆ ಹೆಸರಿಡುತ್ತವೆ, ಅದನ್ನು ಹುಟ್ಟಿಸುವುದಿಲ್ಲ. ಒಂದರ ಪಕ್ಕ ಒಂದು ಆಶ್ಚರ್ಯಸೂಚಕ ಚಿಹ್ನೆ ಇಟ್ಟರೂ ಅಷ್ಟೇ. ಖುಷಿ ಹುಟ್ಟಿದ ಗಳಿಗೆಯನ್ನೇ ಬರೆದರೆ ಪದ ಬೇಕಾಗುವುದಿಲ್ಲ. ಈ ಗಳಿಗೆ ಹುಡುಕಲು ಬರೆಯುವವರು ತಮ್ಮನ್ನೇ ಕೇಳಿಕೊಳ್ಳಬಹುದಾದ ಒಂದು ಪ್ರಶ್ನೆ: ಮೊದಲ ವಾರ ಮನೆಗೆ ಫೋನ್ ಮಾಡಿದಾಗ, ಊಟ ಆಯ್ತಾ ಚಳಿ ಇದೆಯಾ ಎಂಬುದೆಲ್ಲ ಮುಗಿದ ಮೇಲೆ, ಕೇಳದೆಯೇ ಹೇಳಿದ್ದು ಏನನ್ನು?

ಈ ನರ್ಸ್ ಹೇಳಿದ್ದು ಬೆಳಗಿನ ಹ್ಯಾಂಡೋವರ್ ಬಗ್ಗೆ. ನೈಟ್ ಡ್ಯೂಟಿಯವರು ಒಬ್ಬೊಬ್ಬ ರೋಗಿಯ ಸ್ಥಿತಿಯನ್ನು ಬೆಳಗಿನವರಿಗೆ ಒಪ್ಪಿಸುತ್ತಾರೆ. ಮಾತು ಜರ್ಮನ್, ವೇಗ ಜೋರು, ಅರ್ಧ ಸಂಕ್ಷೇಪಾಕ್ಷರಗಳು. ತರಗತಿಯಲ್ಲಿ ನಿಧಾನವಾಗಿ ಕೇಳಿ ಕಲಿತ ಭಾಷೆ ಅಲ್ಲಿ ಸಾಲುವುದಿಲ್ಲ. ಸೋಮವಾರ ಅವರಿಗೆ ರೋಗಿಗಳ ಹೆಸರು ಬಿಟ್ಟರೆ ಹೆಚ್ಚೇನೂ ಸಿಕ್ಕಲಿಲ್ಲ. ಶುಕ್ರವಾರ ಒಂದು ಕಡೆ ಅವರೇ ತಡೆದು ಪ್ರಶ್ನೆ ಕೇಳಿದರು. ಉತ್ಸಾಹಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ವಿಮಾನದ ಕಿಟಕಿ, ಹಿಮ, ಆಸ್ಪತ್ರೆಯ ಕಟ್ಟಡದ ಮುಂದೆ ನಿಂತ ಫೋಟೋ ಎಲ್ಲರದ್ದೂ ಒಂದೇ ತರಹ ಇರುತ್ತವೆ. ತಡೆದು ಕೇಳಿದ ಪ್ರಶ್ನೆ ಅವರೊಬ್ಬರದ್ದು. ಇಂಥ ಗಳಿಗೆ ಒಂದೇ ಇರಲಿ. ಎರಡನೆಯದು ಬಂದರೆ ಮೊದಲನೆಯದು ಮಂಕಾಗಿ ಪೋಸ್ಟು ದಿನಚರಿಯಾಗುತ್ತದೆ. ಯಾವ ರೋಗಿ, ಯಾವ ಕಾಯಿಲೆ ಎಂಬುದು ಮಾತ್ರ ಬರುವಂತಿಲ್ಲ. ಅದು ಖಾಸಗಿ ವಿಷಯ, ಕೆಲಸಕ್ಕೂ ಕುತ್ತು.

‘ಪಯಣ ಸುಲಭದ್ದಾಗಿರಲಿಲ್ಲ’ ಎಂಬ ವಾಕ್ಯಕ್ಕೂ ಇದೇ ಚಿಕಿತ್ಸೆ. ಏಳುಬೀಳು ಎಂದರೆ ಇಲ್ಲಿ ನಿಜವಾಗಿ ಏನು? ಜರ್ಮನಿಯಲ್ಲಿ ನರ್ಸಿಂಗ್ ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು. ಬೆಂಗಳೂರಿನಲ್ಲಿ ಮ್ಯಾಕ್ಸ್‌ಮುಲ್ಲರ್ ಭವನ ಎಂದು ಹೆಸರಾದ ಗಯಟೆ ಸಂಸ್ಥೆಯ ಬಿ2 ಪರೀಕ್ಷೆಯಲ್ಲಿ ಓದು, ಆಲಿಸುವಿಕೆ, ಬರವಣಿಗೆ, ಮಾತು ಎಂಬ ನಾಲ್ಕು ಭಾಗಗಳಿವೆ. ಪ್ರತಿಯೊಂದಕ್ಕೂ 100ಕ್ಕೆ 60 ಅಂಕ ಬರಬೇಕು. ಒಂದು ಭಾಗದಲ್ಲಿ ಸೋತವರು ಅದೊಂದನ್ನೇ ಮತ್ತೆ ಬರೆಯಬಹುದು. ಈ ನರ್ಸ್ ಸೋತದ್ದು ಬರವಣಿಗೆಯಲ್ಲಿ. ‘ಬಿ2ನಲ್ಲಿ ಬರವಣಿಗೆ ಫೇಲಾಗಿತ್ತು’ ಎಂಬ ಮೂರು ಪದ ಏಳುಬೀಳಿನ ಇಡೀ ಕಥೆ ಹೇಳುತ್ತದೆ. ಛಲ ಬಿಡಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ, ಅವರು ಜರ್ಮನಿಯಲ್ಲಿದ್ದಾರೆ ಎಂಬುದೇ ಹೇಳುತ್ತದೆ.

ಅತಿ ಹೆಚ್ಚು ಕೈ ತಡೆಯುವುದು ಕೃತಜ್ಞತೆಯ ಭಾಗದಲ್ಲಿ. ಯಾರನ್ನಾದರೂ ಬಿಟ್ಟರೆ ಬೇಜಾರಾದೀತು ಎಂಬ ಭಯದಿಂದ ಪಟ್ಟಿ ಬೆಳೆಯುತ್ತದೆ, ಕೊನೆಗೆ ‘ಪ್ರತ್ಯಕ್ಷವಾಗಿ, ಪರೋಕ್ಷವಾಗಿ’ ಎಂಬ ಜಾಮೀನು. ಎಲ್ಲರೂ ಸೇರಿದ ಪಟ್ಟಿಯಲ್ಲಿ ತನ್ನ ಪಾಲು ಎಷ್ಟೆಂದು ಯಾರಿಗೂ ಗೊತ್ತಾಗುವುದಿಲ್ಲ. ಒಬ್ಬರೋ ಇಬ್ಬರೋ ಸಾಕು, ಆದರೆ ಅವರು ಮಾಡಿದ ಕೆಲಸ ಕಾಣಬೇಕು. ‘ಬೆನ್ನೆಲುಬಾಗಿ ನಿಂತ’ ಎಂಬುದು ಕೆಲಸವಲ್ಲ. ಫೀಸು ಕಟ್ಟಿದ್ದು, ಮಗುವನ್ನು ನೋಡಿಕೊಂಡದ್ದು, ಅಟೆಸ್ಟೇಶನ್‌ಗೆಂದು ಬೆಂಗಳೂರಿಗೆ ಅಲೆದದ್ದು, ಇವು ಕೆಲಸ.

ಇಲ್ಲಿ ಒಂದು ತೊಡಕೂ ಇದೆ. ಹಾಸನದ ಇನ್‌ಚಾರ್ಜ್ ಸಿಸ್ಟರ್ ಈಕೆಯ ಸಂಜೆಯ ಜರ್ಮನ್ ಕ್ಲಾಸು ತಪ್ಪದಿರಲೆಂದು ತಿಂಗಳುಗಟ್ಟಲೆ ಬೆಳಗಿನ ಡ್ಯೂಟಿಯನ್ನೇ ಹಾಕಿಕೊಟ್ಟಿದ್ದರು. ದೊಡ್ಡ ಉಪಕಾರವೇ ಸರಿ. ಅದನ್ನು ಹಾಗೇ ಬರೆದರೆ ಆ ತಿಂಗಳುಗಳಲ್ಲಿ ನೈಟ್ ಡ್ಯೂಟಿ ಮಾಡಿದ ಉಳಿದವರು ಓದುತ್ತಾರೆ, ಮೇಲಿನವರೂ ಓದುತ್ತಾರೆ. ಕೃತಜ್ಞತೆ ಹೇಳಲು ಹೋಗಿ ಉಪಕಾರ ಮಾಡಿದವರನ್ನೇ ಕಟಕಟೆಗೆ ತಂದಂತಾಗುತ್ತದೆ. ಆದ್ದರಿಂದ ಒಬ್ಬರ ಬಗ್ಗೆ ಬರೆಯುವ ಮುಂಚೆ ಆ ಸಾಲನ್ನು ಅವರಿಗೆ ಕಳಿಸಿ ಕೇಳುವುದು ಕ್ಷೇಮ. “ಡ್ಯೂಟಿ ವಿಷಯ ಹಾಕ್ಬೇಡಮ್ಮ” ಎಂದು ಅವರು ಹೇಳಿದರೆ ಬೇರೊಂದು ನೆನಪು ಆರಿಸಿಕೊಳ್ಳಬಹುದು. ಫಲಿತಾಂಶ ಬಂದ ದಿನ ಅವರು ಆಡಿದ ಒಂದು ಮಾತು ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ತಿದ್ದಿದ ಪೋಸ್ಟು:

“ಕಳೆದ ಸೋಮವಾರದಿಂದ ಜರ್ಮನಿಯ ಫ್ರೈಬುರ್ಗ್‌ನಲ್ಲಿ, ಆಸ್ಪತ್ರೆಯೊಂದರ ಹೃದ್ರೋಗ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿನ ಪರೀಕ್ಷೆ ಆಗುವವರೆಗೆ ಸಹಾಯಕಿ. ಮೊದಲ ಹ್ಯಾಂಡೋವರ್‌ನಲ್ಲಿ ನನಗೆ ಅರ್ಥವಾದದ್ದು ಹೆಸರುಗಳಷ್ಟೇ. ಶುಕ್ರವಾರ ಮಧ್ಯೆ ತಡೆದು ಒಂದು ಪ್ರಶ್ನೆ ಕೇಳಿದೆ. ಬಿ2ನಲ್ಲಿ ಬರವಣಿಗೆ ಫೇಲಾದ ದಿನ ‘ಅದೊಂದು ತಾನೇ, ಮತ್ತೆ ಕಟ್ಟು’ ಅಂದ ಹಾಸನದ ನಮ್ಮ ಇನ್‌ಚಾರ್ಜ್ ಸಿಸ್ಟರ್‌ಗೂ, ಈಗ ನನ್ನ ಮಗಳಿಗೆ ಜಡೆ ಹಾಕಿ ಶಾಲೆಗೆ ಕಳಿಸುತ್ತಿರುವ ಅಮ್ಮನಿಗೂ ನಾನು ಋಣಿ.”

ಮೊದಲಿನದಕ್ಕಿಂತ ಇದು ಚಿಕ್ಕದು, ಆದರೂ ವಿಷಯ ಹೆಚ್ಚಿದೆ. ‘ಋಣಿ’ ಎಂಬ ಪದ ಉಳಿದಿದೆ. ಅದರ ಹಿಂದೆ ಜಡೆಯೂ ಶಾಲೆಯೂ ಇರುವುದರಿಂದ ‘ಚಿರ’ ಬೇಕಾಗಲಿಲ್ಲ. ಅಮ್ಮನ ಕೆಲಸ ಇನ್ನೂ ನಡೆಯುತ್ತಿದೆ ಎಂಬುದನ್ನು ಕ್ರಿಯಾಪದವೇ ತೋರಿಸುತ್ತದೆ. ಉತ್ಸಾಹ ಎಂಬ ಪದ ಎಲ್ಲೂ ಇಲ್ಲ. ತೀರ ಬೋಳಾಯಿತು ಎನ್ನಿಸಿದವರು ಕೊನೆಗೆ ‘ತುಂಬ ಖುಷಿಯಾಗಿದೆ’ ಎಂದು ಒಂದು ಸಲ ಸೇರಿಸಿಕೊಂಡರೆ ಅಡ್ಡಿಯಿಲ್ಲ. ಇಷ್ಟೆಲ್ಲ ಕಂಡ ಮೇಲೆ ಆ ಮಾತಿಗೆ ಆಧಾರ ಸಿಕ್ಕಿರುತ್ತದೆ.

ಪೋಸ್ಟು ಹಾಕುವ ಸಮಯಕ್ಕೂ ಬರಹಕ್ಕೂ ನಂಟಿದೆ. ಆಫರ್ ಲೆಟರ್ ಬಂದ ದಿನ ಹೇಳಲು ಕನಸು, ನಿರೀಕ್ಷೆ ಬಿಟ್ಟರೆ ಬೇರೇನೂ ಇರುವುದಿಲ್ಲ, ವೀಸಾ ಕೂಡ ಇನ್ನೂ ಬಾಕಿ. ಕೆಲಸಕ್ಕೆ ಸೇರಿ ಒಂದು ವಾರ ಕಳೆದರೆ ಹ್ಯಾಂಡೋವರ್‌ನಂಥ ಗಳಿಗೆಗಳು ಸಿಗುತ್ತವೆ. ಜರ್ಮನಿಯಲ್ಲಿ 6 ತಿಂಗಳವರೆಗೆ ಪ್ರೊಬೇಷನ್ ಇರಬಹುದು, ಆ ಅವಧಿಯಲ್ಲಿ ಎರಡೂ ಕಡೆಯವರು 2 ವಾರದ ನೋಟಿಸಿನಲ್ಲಿ ಕೆಲಸ ಮುಗಿಸಬಹುದು. ಹಾಗಾಗಿ ಹೊಸ ಸಂಸ್ಥೆಯನ್ನು ‘ನನ್ನ ಎರಡನೇ ಕುಟುಂಬ’ ಎಂದು ಮೊದಲ ವಾರವೇ ಕರೆಯುವುದು ಸ್ವಲ್ಪ ಅವಸರ. ಹಳೆಯ ಆಸ್ಪತ್ರೆಯ ಸಂಬಳ, ಡ್ಯೂಟಿಗಳ ದೂರು ಈ ಪೋಸ್ಟಿಗೆ ಸೇರಿದ್ದಲ್ಲ. ಜೊತೆಗೆ ಹಾಕುವ ಫೋಟೋದಲ್ಲಿ ವೀಸಾ ಪುಟ, ಪಾಸ್‌ಪೋರ್ಟ್ ಸಂಖ್ಯೆ, ಬೋರ್ಡಿಂಗ್ ಪಾಸಿನ ಬಾರ್‌ಕೋಡ್ ಕಾಣಬಾರದು. ಅವುಗಳಲ್ಲಿರುವ ವಿವರ ಅಪರಿಚಿತರ ಕೈಗೆ ಸಿಗುವಂಥದ್ದಲ್ಲ.

ಪಟ್ಟಿಯಿಂದ ಕೈಬಿಟ್ಟವರಿಗೆ ಒಬ್ಬೊಬ್ಬರಿಗೇ ಮೆಸೇಜು ಕಳಿಸಬೇಕು, ಪೋಸ್ಟು ಹಾಕುವ ಮುಂಚೆಯೇ. ಗಂಡನಿಗೆ, ಪಾಠ ಹೇಳಿದ ಮೇಡಂಗೆ, ಜೊತೆಗೆ ಡ್ಯೂಟಿ ಮಾಡಿದವರಿಗೆ ಬರೆಯುವಾಗಲೂ ಅದೇ ಕ್ರಮ, ಅವರು ಮಾಡಿದ ಒಂದು ಕೆಲಸ ಮತ್ತು ಅದರಿಂದ ಆದದ್ದು. ಬೆಳಗಿನ ಡ್ಯೂಟಿ ಹಾಕಿಕೊಟ್ಟ ವಿಷಯವನ್ನು ಇನ್‌ಚಾರ್ಜ್ ಸಿಸ್ಟರ್‌ಗೆ ಪೂರ್ತಿ ಬರೆಯಬಹುದಾದ ಜಾಗವೂ ಅದೇ.